ಪ್ಯಾಟರ್ನ್ ಎಷ್ಟು ಪರ್ಸೆಂಟ್ ದೊಡ್ಡದಿರಬೇಕು?

ಪ್ರಶ್ನೆ: ಹಳೇ ಭಾಗ ಕೈಯಲ್ಲಿದೆ, ಡ್ರಾಯಿಂಗ್ ಇಲ್ಲ. ಅದನ್ನೇ ಅಳೆದು, ಮರಳಿನಲ್ಲಿ ಅಚ್ಚು ಮೂಡಿಸುವ ಮರದ ಪ್ಯಾಟರ್ನ್ ಮಾಡಿ ಕಾಸ್ಟ್ ಐರನ್‌ನಲ್ಲಿ ಎರಕ ಹೊಯ್ಯಿಸಬೇಕು. ಒಟ್ಟು ಎಷ್ಟು ಪರ್ಸೆಂಟ್ ಹಿಗ್ಗಿಸಿದರೆ ಸರಿಹೋಗುತ್ತದೆ?

ಉತ್ತರ: ಯಾವ ಪರ್ಸೆಂಟ್ ಇಟ್ಟರೂ ಸರಿಹೋಗುವುದಿಲ್ಲ. ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಅಷ್ಟು ಸಲವೂ ಇದೇ ಉತ್ತರ. ಪ್ಯಾಟರ್ನ್‌ಗೆ ಸೇರಿಸಬೇಕಾದವು ಮೂರು, ಮೂರರ ಲೆಕ್ಕವೂ ಬೇರೆ. ಲೋಹ ತಣಿಯುವಾಗ ಕುಗ್ಗುವ ಶ್ರಿಂಕೇಜ್ ಪರ್ಸೆಂಟಿನಲ್ಲಿದೆ, ಮಷಿನಿಂಗ್‌ಗೆ ಬಿಡುವ ಲೋಹ ಮಿಲಿಮೀಟರಿನಲ್ಲಿದೆ, ಪ್ಯಾಟರ್ನ್ ಎತ್ತಲು ಗೋಡೆಗೆ ಕೊಡುವ ಓರೆ, ಅಂದರೆ ಡ್ರಾಫ್ಟ್, ಡಿಗ್ರಿಯಲ್ಲಿದೆ. ಶ್ರಿಂಕೇಜ್ ಎಲ್ಲ ಅಳತೆಗೂ ಬರುತ್ತದೆ. ಮಷಿನಿಂಗ್ ಲೋಹ ಟೂಲ್ ಮುಟ್ಟುವ ಮೈಗೆ ಮಾತ್ರ. ಡ್ರಾಫ್ಟ್ ಮರಳಿನಿಂದ ಮೇಲಕ್ಕೆ ಜಾರಿ ಬರಬೇಕಾದ ನಿಂತ ಗೋಡೆಗಳಿಗೆ ಮಾತ್ರ.

ಒಂದು ಸಾಧಾರಣ ಭಾಗ ಹಿಡಿದು ನೋಡೋಣ. ಫ್ಲೇಂಜ್ ಇರುವ ಹಬ್. ಫ್ಲೇಂಜ್ ವ್ಯಾಸ 200 ಮಿ.ಮೀ., ದಪ್ಪ 20. ಅದರ ಹಿಂದೆ 90 ವ್ಯಾಸದ ಹಬ್, ಫ್ಲೇಂಜೂ ಸೇರಿ ಒಟ್ಟು ಎತ್ತರ 80. ನಡುವೆ 50ರ ಬೋರ್. ಫ್ಲೇಂಜಿನ ಮುಖ, ಅದರ ಅಂಚು, ಹಬ್ಬಿನ ತುದಿ ಮತ್ತು ಬೋರ್ ಮಷಿನ್ ಆಗುತ್ತವೆ. ಹಬ್ಬಿನ ಹೊರಮೈ ಮತ್ತು ಫ್ಲೇಂಜಿನ ಹಿಂಬದಿ ಎರಕದ ಮೈಯಾಗಿಯೇ ಉಳಿಯುತ್ತವೆ.

ಇದನ್ನು 3 ಪರ್ಸೆಂಟ್ ಹಿಗ್ಗಿಸಿ, "ಮೂರೂ ಸೇರಿ ಆಯ್ತು" ಅಂದುಕೊಂಡರೆ ಏನಾಗುತ್ತದೆ? ಫ್ಲೇಂಜ್ 206 ಆಗಿ, ಕಾಸ್ಟ್ ಐರನ್ ತಣಿದು 1 ಪರ್ಸೆಂಟ್ ಕುಗ್ಗಿದಾಗ ಸುಮಾರು 204ಕ್ಕೆ ನಿಲ್ಲುತ್ತದೆ. ಸುತ್ತ 2 ಮಿ.ಮೀ. ಸಿಕ್ಕಿತು, ಕಷ್ಟಪಟ್ಟು ನಡೆಯಬಹುದು. ದಪ್ಪ 20.6 ಆಗಿ 20.4ಕ್ಕೆ ಬರುತ್ತದೆ. ಮುಖದ ಮೇಲೆ ಕತ್ತರಿಸಲು ಅರ್ಧ ಮಿಲಿಮೀಟರೂ ಇಲ್ಲ, ಟೂಲ್ ಮರಳು ಹತ್ತಿದ ಗಟ್ಟಿ ಚರ್ಮದ ಮೇಲೇ ಉಜ್ಜಿ ಮೊಂಡಾಗುತ್ತದೆ. ಬೋರ್ ಮಾತ್ರ 51.5 ಆಗಿ, ತಣಿದು 51 ಆಗುತ್ತದೆ. ಬೇಕಾದದ್ದು 50. ಎರಕ ಲೇತ್ ಹತ್ತುವ ಮೊದಲೇ ಗುಜರಿ.

ಇಲ್ಲಿಗೆ ಬಂದಾಗ ಬಹಳ ಜನ ಒಂದು ಹೆಜ್ಜೆ ಮುಂದೆ ಹೋಗಿ ಇನ್ನೂ ದೊಡ್ಡ ತಪ್ಪು ಮಾಡುತ್ತಾರೆ: "ಸರಿ, ಹೊರಗಿನ ಅಳತೆಗೆ 1 ಪರ್ಸೆಂಟ್ ಕೂಡಿಸುತ್ತೇನೆ. ತೂತಿಗೆ ಕಳೆಯುತ್ತೇನೆ. ಲೋಹ ಕುಗ್ಗಿದರೆ ತೂತು ದೊಡ್ಡದಾಗುತ್ತದಲ್ಲ?"

ಆಗುವುದಿಲ್ಲ. ತೂತೂ ಕುಗ್ಗುತ್ತದೆ. ಹೊರವ್ಯಾಸ ಎಷ್ಟು ಪರ್ಸೆಂಟ್ ಕುಗ್ಗುತ್ತದೋ ಒಳವ್ಯಾಸವೂ ಅಷ್ಟೇ ಪರ್ಸೆಂಟ್ ಕುಗ್ಗುತ್ತದೆ.

ಈ ತಪ್ಪು ತಿಳಿವಳಿಕೆ ಸುಲಭಕ್ಕೆ ಸಾಯುವುದಿಲ್ಲ, ಏಕೆಂದರೆ ಕೇಳುವುದಕ್ಕೆ ಸರಿಯೆನಿಸುತ್ತದೆ. ಗೋಡೆ ತೆಳ್ಳಗಾದರೆ ಹೊರಗಿನ ಮೈ ಒಳಕ್ಕೆ ಸರಿಯುತ್ತದೆ, ಒಳಗಿನ ಮೈ ಹೊರಕ್ಕೆ ಸರಿಯುತ್ತದೆ ಎಂಬ ಚಿತ್ರ ತಲೆಯಲ್ಲಿ ಕೂತಿರುತ್ತದೆ. ಆದರೆ ಉಂಗುರದ ಗೋಡೆ ತೆಳ್ಳಗಾಗುವುದಷ್ಟೇ ಅಲ್ಲ, ಸುತ್ತಳತೆಯೂ ಗಿಡ್ಡವಾಗುತ್ತದೆ. ಉಂಗುರವನ್ನು ಒಂದು ಕಡೆ ಕತ್ತರಿಸಿ ನೇರ ಪಟ್ಟಿಯಾಗಿ ಬಿಡಿಸಿದಂತೆ ಯೋಚಿಸಿ. 1000 ಉದ್ದದ ಪಟ್ಟಿ ತಣಿದು 990 ಆಯಿತು. ಅದನ್ನು ಮತ್ತೆ ಬಾಗಿಸಿ ಉಂಗುರ ಮಾಡಿದರೆ ಒಳಗಿನ ತೂತು ಮೊದಲಿಗಿಂತ ದೊಡ್ಡದು ಹೇಗಾದೀತು?

ನಂಬಿಕೆ ಬರದಿದ್ದರೆ ಬೇರಿಂಗ್ ನೆನಪಿಸಿಕೊಳ್ಳಿ. ಶಾಫ್ಟಿಗೆ ಬಿಗಿಯಾಗಿ ಕೂರುವ ಬೇರಿಂಗನ್ನು ಕಾಯಿಸಿ ಏರಿಸುವುದು ಎಲ್ಲರಿಗೂ ಗೊತ್ತು. 50ರ ಬೋರ್ ಇರುವ ಬೇರಿಂಗ್ 80 ಡಿಗ್ರಿ ಹೆಚ್ಚು ಬಿಸಿಯಾದರೆ ಬೋರ್ ಸುಮಾರು 0.05 ಮಿ.ಮೀ. ಹಿಗ್ಗುತ್ತದೆ, ಸಲೀಸಾಗಿ ಇಳಿಯುತ್ತದೆ, ತಣಿದಾಗ ಶಾಫ್ಟನ್ನು ಕಚ್ಚಿಕೊಳ್ಳುತ್ತದೆ. ಕುಗ್ಗುವಾಗ ತೂತು ದೊಡ್ಡದಾಗುವುದೇ ನಿಜವಾಗಿದ್ದರೆ, ತಣಿದ ಬೇರಿಂಗ್ ಕಳಚಿ ಬೀಳಬೇಕಿತ್ತು. ಎರಕವೂ ಲೋಹವೇ, ಅದೇ ನಿಯಮ. ಇಲ್ಲಿ ತಣಿಯುವ ಅಂತರ 80 ಡಿಗ್ರಿಯಲ್ಲ, ಸಾವಿರಕ್ಕೂ ಹೆಚ್ಚು, ಅಷ್ಟೇ ವ್ಯತ್ಯಾಸ.

ಹಾಗಾದರೆ ಈ ನಂಬಿಕೆ ಕೆಲಸ ಗೊತ್ತಿರುವವರಲ್ಲೂ ಯಾಕಿದೆ? ಎರಡು ಕಾರಣ. ಮೊದಲನೆಯದು, ತೂತು ಬಿಡಲು ಮೋಲ್ಡಿನೊಳಗೆ ಇಡುವ ಮರಳಿನ ಕೋರ್ ಮುಗಿದ ಬೋರಿಗಿಂತ ಸಣ್ಣದಿರುವುದನ್ನು ಎಲ್ಲರೂ ಕಣ್ಣಾರೆ ನೋಡಿರುತ್ತಾರೆ. ಅದು ಸಣ್ಣದಾಗಿರುವುದು ಮಷಿನಿಂಗ್‌ಗೆ ಲೋಹ ಬಿಟ್ಟದ್ದರಿಂದ. ಪುಣ್ಯ ಮಾತ್ರ ಶ್ರಿಂಕೇಜ್‌ಗೆ ಹೋಗಿದೆ. ಎರಡನೆಯದು, ಗಟ್ಟಿ ಕೋರ್ ಇದ್ದಾಗ ತೂತು ಲೆಕ್ಕಕ್ಕಿಂತ ಚೂರು ದೊಡ್ಡದಾಗಿ ಬರುವುದು ನಿಜ. ಲೋಹ ಒಳಕ್ಕೆ ಬಿಗಿಯಲು ನೋಡುತ್ತದೆ, ಕೋರ್ ಅಡ್ಡ ನಿಲ್ಲುತ್ತದೆ, ಹಾಗಾಗಿ ಪೂರ್ತಿ 1 ಪರ್ಸೆಂಟ್ ಕುಗ್ಗುವುದಿಲ್ಲ. ಅಂದರೆ ಕುಗ್ಗುವುದು ಕಡಿಮೆಯಾಯಿತು. ಹಿಗ್ಗಿತು ಎಂದಲ್ಲ. ಎಷ್ಟೋ ಎರಕಗಳಲ್ಲಿ ಕೋರ್ ತೆಗೆಯಲು ಅಷ್ಟು ಗುದ್ದಬೇಕಾಗುವುದೂ ಲೋಹ ಅದರ ಸುತ್ತ ಬಿಗಿದಿರುವುದರಿಂದಲೇ.

ಬೋರ್ ಲೆಕ್ಕ ಹೀಗೆ: 50ರಿಂದ ಸುತ್ತ 3 ಮಿ.ಮೀ. ಲೋಹ ಬಿಡಲು 6 ಕಳೆಯಿರಿ, 44. ತಣಿದ ಎರಕದಲ್ಲಿ ತೂತು 44 ಇರಬೇಕಾದರೆ ಕೋರ್ 1 ಪರ್ಸೆಂಟ್ ದೊಡ್ಡದಿರಬೇಕು, 44.4. ಮೊದಲು ಕಳೆದದ್ದು, ಆಮೇಲೆ ಕೂಡಿದ್ದು. ಒಂದೇ ತೂತಿನಲ್ಲಿ ಎರಡು ಅಲೋಯನ್ಸ್ ಎದುರುಬದುರು ಎಳೆಯುತ್ತವೆ, ಗೊಂದಲವೆಲ್ಲ ಇಲ್ಲೇ ಹುಟ್ಟುವುದು. ಇಲ್ಲಿ ತಪ್ಪಿ 1 ಪರ್ಸೆಂಟ್ ಕಳೆದರೂ ಕೋರ್ 43.6 ಆಗುತ್ತದೆ, ಲೇತ್‌ನಲ್ಲಿ ಸ್ವಲ್ಪ ಹೆಚ್ಚು ಚಿಪ್ ಬೀಳುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಮಷಿನ್ ಮಾಡದ 300ರ ತೂತಿನಲ್ಲಿ ಹೀಗೆ ಮಾಡಿ ನೋಡಿ: 303 ಇರಬೇಕಾದ ಕೋರ್ 297 ಆಗಿ, ತೂತು 294ಕ್ಕೆ ಬರುತ್ತದೆ. ಒಳಗೆ ಕೂರಬೇಕಾದದ್ದು ಆರು ಮಿಲಿಮೀಟರ್ ಅಂತರದಲ್ಲಿ ಹೊರಗೇ ಉಳಿಯುತ್ತದೆ.

ಉಳಿದ ಅಳತೆಗಳು ಬೇಗ ಮುಗಿಯುತ್ತವೆ. ಫ್ಲೇಂಜ್ ಮುಖವನ್ನು ಮೋಲ್ಡಿನ ಎರಡು ಪೆಟ್ಟಿಗೆ ಸೇರುವ ಪಾರ್ಟಿಂಗ್ ಲೈನಿನಲ್ಲಿಟ್ಟು, ಹಬ್ ಕೆಳಗಿನ ಪೆಟ್ಟಿಗೆಯೊಳಗೆ ಇಳಿಯುವಂತೆ ಮೋಲ್ಡ್ ಮಾಡುತ್ತೇವೆ ಅಂದುಕೊಳ್ಳಿ. ಆಗ ಫ್ಲೇಂಜ್ ಮುಖ ಎರಕದ ಮೇಲ್ಮೈ. ಕಸ, ಗಾಳಿಗುಳ್ಳೆ, ಉದುರಿದ ಮರಳು ತೇಲಿ ನಿಲ್ಲುವುದು ಅಲ್ಲಿಯೇ, ಆದ್ದರಿಂದ ಅದಕ್ಕೆ 4 ಮಿ.ಮೀ. ಬಿಡಿ. ಹಬ್ಬಿನ ತುದಿಗೂ ಫ್ಲೇಂಜ್ ಅಂಚಿಗೂ 3 ಸಾಕು. ಒಟ್ಟು ಎತ್ತರ 87 ಆಯಿತು, ಶ್ರಿಂಕೇಜ್ ಸೇರಿ 87.9. ಫ್ಲೇಂಜ್ ವ್ಯಾಸ 206, ಶ್ರಿಂಕೇಜ್ ಸೇರಿ 208. ಹಬ್ಬಿನ ಹೊರವ್ಯಾಸಕ್ಕೆ ಮಷಿನಿಂಗ್ ಇಲ್ಲ, 90 ನೇರವಾಗಿ 90.9. ಶ್ರಿಂಕೇಜ್ ಸ್ಕೇಲ್ ಇದ್ದರೆ ಗುಣಾಕಾರದ ಗೋಜೇ ಇಲ್ಲ. 206 ಎಂದು ಆ ಸ್ಕೇಲಿನಲ್ಲಿ ಗುರುತಿಸಿದರೆ ಅದು ತಾನಾಗಿ 208. ಆದರೆ ಕಾಸ್ಟ್ ಐರನ್ ಸ್ಕೇಲ್ ಬೇರೆ, 2 ಪರ್ಸೆಂಟಿನ ಸ್ಟೀಲ್ ಸ್ಕೇಲ್ ಬೇರೆ. ತೆಗೆದುಕೊಂಡದ್ದು ಯಾವುದು ಎಂದು ನೋಡಿಕೊಳ್ಳಿ.

ಡ್ರಾಫ್ಟ್ ಕೊನೆಗೆ. 1.5 ಡಿಗ್ರಿ ಅಂದರೆ 100 ಮಿ.ಮೀ. ಎತ್ತರಕ್ಕೆ ಒಂದು ಬದಿಯಲ್ಲಿ 2.6 ಮಿ.ಮೀ. ಇಲ್ಲಿ ಹಬ್ ಫ್ಲೇಂಜಿನಿಂದ ಕೆಳಗೆ 63.6 ಇಳಿದಿದೆ, ಹಾಗಾಗಿ ಬದಿಗೆ 1.7. ತುದಿಯಲ್ಲಿ 90.9 ಇಟ್ಟು, ಫ್ಲೇಂಜ್ ಸೇರುವ ಬುಡದಲ್ಲಿ 94.3 ಮಾಡಿ. ಡ್ರಾಫ್ಟ್ ಯಾವಾಗಲೂ ಸಣ್ಣ ತುದಿಯಿಂದ ಹೊರಕ್ಕೆ ಸೇರಬೇಕು. ಎತ್ತರದ ಮಷಿನ್ ಮೈಯಲ್ಲಿ ಇದನ್ನು ತಿರುಗುಮುರುಗು ಮಾಡಿ, ದೊಡ್ಡ ತುದಿಯಿಂದ ಒಳಕ್ಕೆ ಕೆತ್ತಿದರೆ, 150 ಎತ್ತರಕ್ಕೆ ಬದಿಗೆ 3.9 ಹೋಗುತ್ತದೆ. ಬಿಟ್ಟಿದ್ದ 3 ಮಿ.ಮೀ. ಲೋಹ ಅದರಲ್ಲೇ ಮುಗಿದು, ತುದಿಯಲ್ಲಿ ಒಂದು ಕಪ್ಪು ಪಟ್ಟಿ ಟೂಲಿಗೆ ಸಿಗದೆ ಉಳಿಯುತ್ತದೆ. ಬುಡ ದಪ್ಪವಾದರೆ ಬೋಲ್ಟ್ ತಲೆಗೆ ಅಥವಾ ಸ್ಪ್ಯಾನರಿಗೆ ಜಾಗ ಸಾಲುತ್ತದೆಯೇ ಎಂದೂ ಅಳೆದು ನೋಡಿ. ಸಾಲದಿದ್ದರೆ ಕೋನ ಕಡಿಮೆ ಮಾಡಿ, ಮರದ ಮೈಯನ್ನು ಇನ್ನಷ್ಟು ನಯ ಮಾಡಿ. ಡ್ರಾಫ್ಟ್ ಕಡಿಮೆಯಾದದ್ದು ಮೋಲ್ಡ್ ಮಾಡುವವನಿಗೆ ತಕ್ಷಣ ಗೊತ್ತಾಗುತ್ತದೆ: ಪ್ಯಾಟರ್ನ್ ಎತ್ತುವಾಗ ಮರಳಿನ ಅಂಚು ಜೊತೆಗೇ ಎದ್ದು ಬರುತ್ತದೆ. ಆಗ ಅವನು ಬಿಡಿಸಲು ಜೋರಾಗಿ ತಟ್ಟುತ್ತಾನೆ, ಮೋಲ್ಡ್ ಅಗಲವಾಗುತ್ತದೆ, ನಿಮ್ಮ ಶ್ರಿಂಕೇಜ್ ಲೆಕ್ಕಕ್ಕೆ ಅರ್ಥವಿಲ್ಲದಂತಾಗುತ್ತದೆ.

ಹಳೇ ಭಾಗವೂ ಎರಕದ್ದೇ ಆಗಿದ್ದರೆ ಒಂದು ಲಾಭವಿದೆ. ಮಷಿನ್ ಮಾಡದ ಹಬ್ಬಿನ ಮೈಯನ್ನು ಬುಡದಲ್ಲಿ, ತುದಿಯಲ್ಲಿ ವರ್ನಿಯರ್ ಹಿಡಿದು ಅಳೆಯಿರಿ. ಮೊದಲು ಕೊಟ್ಟಿದ್ದ ಡ್ರಾಫ್ಟ್ ಅಲ್ಲಿ ಹಾಗೇ ಇರುತ್ತದೆ, ಹಿಂದೆ ಯಾವ ದಿಕ್ಕಿನಲ್ಲಿ ಎತ್ತಿದ್ದರೆಂದೂ ತಿಳಿಯುತ್ತದೆ. ಅದರ ಮೇಲೆ ಮತ್ತೊಂದು ಡ್ರಾಫ್ಟ್ ಹೇರಬೇಡಿ. ಸವೆದ ಬೋರನ್ನು ಮಾತ್ರ ಅಳೆದು ನಂಬಬೇಡಿ. ಅದರೊಳಗೆ ಕೂರುವ ಬೇರಿಂಗಿನ ಅಳತೆಯೇ ನಿಜವಾದ ಅಳತೆ.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಇಂಥ ಭಾಗ ನೂರಾರು ಬೇಕಾದಾಗ ಮರದ ಪ್ಯಾಟರ್ನ್ ತಾಳುವುದಿಲ್ಲ, ಅದನ್ನೇ ಮಾಸ್ಟರ್ ಮಾಡಿ ಅಲ್ಯೂಮಿನಿಯಂ ಪ್ಯಾಟರ್ನ್ ಎರಕ ಹೊಯ್ಯುತ್ತಾರೆ. ಆಗ ಶ್ರಿಂಕೇಜ್ ಎರಡು ಸಲ ಬರುತ್ತದೆ. ಅಲ್ಯೂಮಿನಿಯಂ ತಾನು ಸುಮಾರು 1.3 ಪರ್ಸೆಂಟ್ ಕುಗ್ಗುತ್ತದೆ, ಆಮೇಲೆ ಅದರಿಂದ ಬರುವ ಕಾಸ್ಟ್ ಐರನ್ 1 ಪರ್ಸೆಂಟ್. ನಮ್ಮ ಫ್ಲೇಂಜಿನ ಮರದ ಮಾಸ್ಟರ್ 208 ಅಲ್ಲ, 210.8 ಇರಬೇಕು. ಅಲ್ಯೂಮಿನಿಯಂ ಪ್ಯಾಟರ್ನನ್ನೂ ತಿರುಗಿಸಿ ನಯ ಮಾಡುವುದಾದರೆ ಅದಕ್ಕೆ ಬೇಕಾದ ಲೋಹ ಇನ್ನೂ ಬೇರೆ. ಕೋರಿಗೆ ಈ ಎರಡನೇ ಲೆಕ್ಕ ಇಲ್ಲ, ಮರಳು ಹಾಗೆ ಕುಗ್ಗುವುದಿಲ್ಲ. ಕೋರ್ ಬಾಕ್ಸ್ ಯಾವುದರಲ್ಲೇ ಮಾಡಿ, ಒಳಗಿನ ವ್ಯಾಸ 44.4ಕ್ಕೇ ನಿಲ್ಲಬೇಕು. ಹಾಗೆಯೇ ಮರದ ಮಾಸ್ಟರಿನ ಪಕ್ಕದಲ್ಲಿ "ಎರಡು ಶ್ರಿಂಕೇಜ್" ಎಂದು ಬಣ್ಣದಲ್ಲಿ ದೊಡ್ಡದಾಗಿ ಬರೆಯಿರಿ. ಬರೆಯದಿದ್ದರೆ ವರ್ಷ ಕಳೆದ ಮೇಲೆ ಯಾರೋ ಅದನ್ನೇ ನೇರವಾಗಿ ಮರಳಿಗೆ ಒತ್ತುತ್ತಾರೆ, ಫ್ಲೇಂಜ್ 206ರ ಬದಲು ಸುಮಾರು 209 ಬರುತ್ತದೆ.