ಘಾತ ಇರುವಲ್ಲಿ ಲೆಕ್ಕ ಕೆಡುತ್ತದೆ: ತಾಮ್ರದ ಎರಡು ಉದಾಹರಣೆಗಳು

ಪದಾರ್ಥ ವಿಜ್ಞಾನದ ಲೆಕ್ಕಗಳಲ್ಲಿ ಸೂತ್ರ ತಪ್ಪಿ ಅಂಕ ಹೋಗುವುದು ಕಡಿಮೆ. ಸೂತ್ರದಲ್ಲಿ ಘಾತ ಇದ್ದಾಗ ಏಕಮಾನವನ್ನೋ ಅಂಕಿಗಳನ್ನೋ ಸಡಿಲವಾಗಿ ಹಿಡಿದು ಹೋಗುವುದೇ ಹೆಚ್ಚು.

ಪರಮಾಣು ತ್ರಿಜ್ಯದಿಂದ ತಾಮ್ರದ ಸಾಂದ್ರತೆ ಕಂಡುಹಿಡಿಯುವ ಲೆಕ್ಕ ನೋಡೋಣ. ತ್ರಿಜ್ಯ r = 0.128 nm, ಪರಮಾಣು ತೂಕ 63.55 g/mol. ತಾಮ್ರದ್ದು ಎಫ್‌ಸಿಸಿ ರಚನೆ, ಅಂದರೆ ಘನದ ಮೂಲೆಗಳಲ್ಲೂ ಪ್ರತಿ ಮುಖದ ನಡುವೆಯೂ ಪರಮಾಣು ಇರುವ ರಚನೆ. ಹಾಗಾಗಿ ಮತ್ತೆ ಮತ್ತೆ ಬರುವ ಈ ಘನದಲ್ಲಿ, ಅಂದರೆ ಒಂದು ಯೂನಿಟ್ ಸೆಲ್‌ನಲ್ಲಿ, 4 ಪರಮಾಣು, ಅಂಚಿನ ಉದ್ದ a = 2√2 r.

a = 0.36204 nm
a³ = 0.04745 nm³ = 4.745 × 10⁻²³ cm³
ρ = (4 × 63.55) / (4.745 × 10⁻²³ × 6.022 × 10²³) = 8.90 g/cm³

ಹೆಚ್ಚಿನವರು ಎಡವುವುದು ಎರಡನೇ ಸಾಲಿನಲ್ಲಿ. 1 nm = 10⁻⁷ cm ಎಂಬುದು ನೆನಪಿರುತ್ತದೆ, ಆದರೆ ಅದನ್ನೂ ಘನ ಮಾಡಬೇಕು ಎಂಬುದು ಮರೆತುಹೋಗುತ್ತದೆ. 10⁻²¹ ಬದಲು 10⁻⁷ ಹಾಕಿದರೆ ಸಾಂದ್ರತೆ 8.9 × 10⁻¹⁴ g/cm³ ಬರುತ್ತದೆ. ಗಾಳಿಯ ಸಾಂದ್ರತೆಯೇ ಸುಮಾರು 1.2 × 10⁻³ g/cm³. ಗಾಳಿಗಿಂತ ಹಗುರವಾದ ತಾಮ್ರ ಕಂಡರೆ ಹಿಂದಕ್ಕೆ ಹೋಗಿ ಘನಮಾನದ ಸಾಲನ್ನೇ ಮೊದಲು ನೋಡಿ.

ಇನ್ನೊಂದು ತಪ್ಪು ಇಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ನಡುವೆಯೇ a = 0.36 ಎಂದು ದುಂಡಾಗಿಸಿದರೆ ಉತ್ತರ 9.05 ಆಗುತ್ತದೆ. ಅಂಚಿನಲ್ಲಿ ಆದ ವ್ಯತ್ಯಾಸ ಶೇ. 0.6 ಕೂಡ ಇಲ್ಲ, ಘನ ಮಾಡಿದಾಗ ಅದು ಮೂರು ಪಟ್ಟಾಯಿತು. ಹಾಗಾಗಿ ನಡುವಿನ ಹಂತಗಳಲ್ಲಿ ಒಂದೆರಡು ಅಂಕಿ ಹೆಚ್ಚೇ ಇಟ್ಟುಕೊಂಡು, ಕೊನೆಯಲ್ಲಿ ಒಮ್ಮೆ ಮಾತ್ರ ದುಂಡಾಗಿಸಬೇಕು. ಸೂತ್ರದ 4 ಎಣಿಕೆಯ ಸಂಖ್ಯೆ, 2√2 ಜ್ಯಾಮಿತಿಯಿಂದ ಬಂದದ್ದು. ಇವು ಸಾರ್ಥಕ ಅಂಕಿಗಳ ಮಿತಿಗೆ ಸೇರುವುದಿಲ್ಲ. 4 ಅನ್ನು ನೋಡಿ ಉತ್ತರವನ್ನು 9 ಎಂದು ಬರೆಯಬೇಕಿಲ್ಲ. ಮಿತಿ ಹಾಕುವುದು 0.128ರ ಮೂರು ಅಂಕಿಗಳು. ನಿಜ ಹೇಳಬೇಕೆಂದರೆ 8.90 ಕೂಡ ಸ್ವಲ್ಪ ಉದಾರವೇ: ತ್ರಿಜ್ಯ 0.1275ರಿಂದ 0.1285ರವರೆಗೆ ಎಲ್ಲಿದ್ದರೂ ಅದನ್ನು 0.128 ಎಂದೇ ಬರೆಯುತ್ತೇವೆ, ಆ ವ್ಯಾಪ್ತಿಯಲ್ಲಿ ಸಾಂದ್ರತೆ 9.00ರಿಂದ 8.79ಕ್ಕೆ ಇಳಿಯುತ್ತದೆ.

ಘನದ ಜಾಗದಲ್ಲಿ eಯ ಘಾತ ಬಂದರೆ ಪರಿಣಾಮ ಇನ್ನೂ ಜೋರು. 1000 °C ತಾಪದಲ್ಲಿ ತಾಮ್ರದ ಹರಳಿನಲ್ಲಿ ಖಾಲಿ ಉಳಿಯುವ ಪರಮಾಣು ಸ್ಥಾನಗಳ ಪಾಲು exp(−Q/kT). ಇಲ್ಲಿ Q ಒಂದು ಸ್ಥಾನ ಖಾಲಿಯಾಗಲು ಬೇಕಾದ ಶಕ್ತಿ, k ಬೋಲ್ಟ್ಸ್‌ಮನ್ ಸ್ಥಿರಾಂಕ, T ಕೆಲ್ವಿನ್‌ನಲ್ಲಿ ತಾಪ. Q = 0.9 eV ಎಂದು ಕೊಟ್ಟಿದ್ದರೆ k = 8.62 × 10⁻⁵ eV/K, T = 1273 K. ಉತ್ತರ 2.7 × 10⁻⁴.

T = 1000 ಎಂದೇ ಹಾಕಿದವರಿಗೆ 2.9 × 10⁻⁵ ಸಿಗುತ್ತದೆ, ಸರಿ ಉತ್ತರದ ಒಂಬತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ನೋಡಲು ಅದೂ ನಂಬುವಂಥ ಸಂಖ್ಯೆಯೇ, ಅದೇ ತೊಂದರೆ. Q ಅನ್ನು eVಯಲ್ಲಿ ಬಿಟ್ಟು k = 1.38 × 10⁻²³ J/K ಹಾಕಿದರೆ ಕ್ಯಾಲ್ಕುಲೇಟರ್ ನೇರವಾಗಿ 0 ತೋರಿಸುತ್ತದೆ. ಈ ತಪ್ಪು ಕನಿಷ್ಠ ತಾನೇ ಸಿಕ್ಕಿಬೀಳುತ್ತದೆ.

ಇಲ್ಲಿ 2.7 ಎಂದು ಎರಡು ಅಂಕಿ ಬರೆಯುವುದಕ್ಕೂ ಆಧಾರವಿಲ್ಲ. Q = 0.9 ಎಂಬುದು 0.85 ಇರಬಹುದು, 0.95 ಇರಬಹುದು. ಅಷ್ಟರಲ್ಲೇ ಉತ್ತರ ಸುಮಾರು 4 × 10⁻⁴ ಮತ್ತು 2 × 10⁻⁴ರ ನಡುವೆ ಓಡಾಡುತ್ತದೆ. 3 × 10⁻⁴ ಎಂದು ಬರೆದು ನಿಲ್ಲಿಸುವುದು ಸರಿ.