ವಾರದ ಟಿಪ್ಪಣಿಯಲ್ಲಿ ‘ಅರ್ಧ ಜನ ಓದಿದ್ದಾರೆ’ ಅಂತ ಬರೆಯಬಹುದಾ?

ಪ್ರಶ್ನೆ: ನಾನು ಬದಿಯಡ್ಕದ ಹತ್ತಿರ ಒಂದು ಅಂಗಡಿಯ ಆನ್‌ಲೈನ್ ಕೆಲಸ ನೋಡಿಕೊಳ್ಳುತ್ತೇನೆ. ಹಲಸಿನ ಹಪ್ಪಳ, ಪುನರ್ಪುಳಿ ಶರಬತ್ತು ಮಾರುತ್ತೇವೆ. ಗಿರಾಕಿಗಳಿಗೆ ವಾರ ವಾರ ಕಳಿಸುವ ಮೇಲ್‌ನ ಲೆಕ್ಕವನ್ನು ಪ್ರತಿ ಸೋಮವಾರ ಮಾಲೀಕರಿಗೆ ಬರೆದು ಕೊಡಬೇಕು. ಓಪನ್ ರೇಟ್ 50% ಅಂತ ತೋರಿಸುತ್ತಿದೆ. ಅರ್ಧ ಗಿರಾಕಿಗಳು ಓದಿದ್ದಾರೆ ಅಂತ ಬರೆಯಬಹುದಾ?

ಬರೆಯಬಾರದು. ಮಂಜೇಶ್ವರದಿಂದ ಕೇಳುವವರಿಗೂ ಇದೇ ಉತ್ತರ, ಕುಂಬಳೆಯಿಂದ ಕೇಳುವವರಿಗೂ ಇದೇ. ಎಷ್ಟು ಸಲ ಹೇಳಿದರೂ ಮುಂದಿನ ವಾರ ಅದೇ ಸಾಲು ಟಿಪ್ಪಣಿಯಲ್ಲಿ ಮತ್ತೆ ಬರುತ್ತದೆ. ಅದಕ್ಕೇ ಈ ಸಲ ಬುಡದಿಂದ ಹೇಳುತ್ತೇನೆ.

‘ಓಪನ್’ ಅಂತ ಎಣಿಸುವುದು ಹೇಗೆ? ನೀವು ಕಳಿಸುವ ಪ್ರತಿ ಮೇಲ್‌ನಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ಚಿತ್ರ ಒಂದಿರುತ್ತದೆ. ಒಂದು ಪಿಕ್ಸೆಲ್ ಉದ್ದ, ಒಂದು ಪಿಕ್ಸೆಲ್ ಅಗಲ. ಒಬ್ಬೊಬ್ಬ ಗಿರಾಕಿಗೂ ಅದರ ವಿಳಾಸ ಬೇರೆ. ಆ ಚಿತ್ರವನ್ನು ಯಾರಾದರೂ ಸರ್ವರ್‌ನಿಂದ ತರಿಸಿಕೊಂಡರೆ ಒಂದು ಓಪನ್ ಬಿತ್ತು. ಇಷ್ಟೇ ಅದರ ಕೆಲಸ. ತರಿಸಿಕೊಂಡದ್ದು ಮನುಷ್ಯನೋ ಯಂತ್ರವೋ ಅಂತ ಆ ಚಿತ್ರಕ್ಕೆ ಗೊತ್ತಾಗುವುದಿಲ್ಲ.

2021ರ ಸೆಪ್ಟೆಂಬರ್‌ನಲ್ಲಿ ಐಒಎಸ್ 15 ಬಂದಾಗ ಆ್ಯಪಲ್ ತನ್ನ ಮೇಲ್ ಆ್ಯಪ್‌ಗೆ ಒಂದು ಖಾಸಗಿತನದ ಸೌಲಭ್ಯ ಸೇರಿಸಿತು. ಅದನ್ನು ಒಪ್ಪಿಕೊಂಡವರ ಫೋನಿಗೆ ಮೇಲ್ ಬಂದರೆ, ಅವರು ನೋಡಲಿ ಬಿಡಲಿ, ಒಳಗಿನ ಚಿತ್ರಗಳನ್ನೆಲ್ಲ ಆ್ಯಪಲ್‌ನ ಸರ್ವರ್‌ಗಳು ಹಿಂದಿನಿಂದಲೇ ತರಿಸಿಟ್ಟುಕೊಳ್ಳಬಹುದು. ನಿಮ್ಮ ಸಣ್ಣ ಚಿತ್ರವೂ ಅದರ ಜೊತೆ ಹೋಗುತ್ತದೆ. ಗಿರಾಕಿ ದುಬೈಯಲ್ಲಿ ಮಲಗಿ ನಿದ್ದೆ ಮಾಡುತ್ತಿರಬಹುದು. ನಿಮ್ಮ ಪುಟದಲ್ಲಿ ಮಾತ್ರ ಅವರು ಓಪನ್ ಮಾಡಿದ್ದಾರೆ! ‘ನಮ್ಮವರದ್ದೆಲ್ಲ ಜಿಮೇಲ್, ಆ್ಯಪಲ್ ನಮಗೆ ತಾಗುವುದಿಲ್ಲ’ ಅನ್ನುವವರೂ ಇದ್ದಾರೆ. ವಿಳಾಸ ಜಿಮೇಲ್‌ನದ್ದೇ ಇರಲಿ, ಅದನ್ನು ಐಫೋನಿನ ಮೇಲ್ ಆ್ಯಪ್‌ನಲ್ಲಿ ನೋಡುವವರಾದರೆ ಇದೇ ಕತೆ.

ಹಾಗಾದರೆ ನಿಜವಾದ ಲೆಕ್ಕ 50ಕ್ಕಿಂತ ಕಡಿಮೆ, ಅದರಿಂದ ಸ್ವಲ್ಪ ಕಳೆದು ಬರೆದರೆ ಆಯ್ತಲ್ವಾ? ಅದೂ ಆಗುವುದಿಲ್ಲ. ಚಿತ್ರ ಕಾಣದಂತೆ ಸೆಟ್ಟಿಂಗ್ ಇಟ್ಟವರು ಪೂರ್ತಿ ಓದಿದರೂ ಎಣಿಕೆಗೆ ಸಿಗುವುದಿಲ್ಲ. ಒಂದು ಕಡೆ ಓದದವರು ಸೇರುತ್ತಾರೆ, ಇನ್ನೊಂದು ಕಡೆ ಓದಿದವರು ಬಿಟ್ಟುಹೋಗುತ್ತಾರೆ. ಎರಡೂ ಎಷ್ಟೆಷ್ಟು ಅಂತ ನಿಮಗೆ ತಿಳಿಯುವ ದಾರಿಯೇ ಇಲ್ಲ. ಇಷ್ಟು ಓದಿದ ಮೇಲೂ ‘ಅರ್ಧ ಜನ ಓದಿದ್ದಾರೆ’ ಅಂತ ಬರೆದರೆ, ಮಾಲೀಕರು ಅದನ್ನು ನಂಬಿ ಅಷ್ಟು ಹಪ್ಪಳ ಪ್ಯಾಕ್ ಮಾಡಿಸಿಟ್ಟರೆ, ನಷ್ಟ ಯಾರಿಗೆ?

ಓಪನ್‌ನಿಂದ ಒಂದು ಉಪಯೋಗ ಇದೆ. ಅದೇ ಪಟ್ಟಿಯ ಹಿಂದಿನ ವಾರಗಳ ಜೊತೆ ಹೋಲಿಸಿ ನೋಡಿ. ಯಾವಾಗಲೂ 50ರ ಆಸುಪಾಸು ಇದ್ದದ್ದು ಒಮ್ಮೆಲೇ 20ಕ್ಕೆ ಇಳಿದರೆ, ಜನರಿಗೆ ಬೇಸರ ಬಂತು ಅಂತ ತೀರ್ಮಾನಿಸಬೇಡಿ. ಮೊದಲು ಮೇಲ್ ಸ್ಪ್ಯಾಮ್‌ಗೆ ಹೋಗುತ್ತಿದೆಯಾ ಅಂತ ನೋಡಿ. ಇಂಥ ಕುಸಿತ ಕಂಡ ವಾರ ಟಿಪ್ಪಣಿಯಲ್ಲಿ ಓಪನ್‌ಗೆ ಜಾಗ ಕೊಡಿ. ಉಳಿದ ವಾರ ಕೊನೆಗೆ ಒಂದು ಸಾಲು ಸಾಕು.

ಈಗ ಟಿಪ್ಪಣಿಗೆ ಬರೋಣ. ಒಂದು ಲೆಕ್ಕ ಹಿಡಿಯೋಣ. 1,200 ಜನರಿಗೆ ಮೇಲ್ ಕಳಿಸಿದಿರಿ, 24 ವಾಪಸ್ ಬಂತು. ತಲುಪಿದ್ದು 1,176. ಇನ್ನು ಮುಂದೆ ಎಲ್ಲ ಶೇಕಡಾ ಲೆಕ್ಕವೂ ಇದರ ಮೇಲೆಯೇ ಆಗಬೇಕು, 1,200ರ ಮೇಲೆ ಅಲ್ಲ. ಕ್ಲಿಕ್ ಮಾಡಿದವರು 47 ಅಂತ ತೋರಿಸುತ್ತದೆ. ಒಬ್ಬರೇ ಮೂರು ಸಲ ಒತ್ತಿದರೆ ಮೂರು ಕ್ಲಿಕ್ ಆಗುತ್ತದೆ. ನಮಗೆ ಬೇಕಾದದ್ದು ಜನರ ಲೆಕ್ಕ. ಆ ಅಂಕಣವನ್ನೇ ತೆಗೆದುಕೊಳ್ಳಿ.

ಆ 47ರ ಪಟ್ಟಿಯನ್ನು ಇಳಿಸಿಕೊಂಡು ಸಮಯ ನೋಡಿ. ಕೆಲವು ಕಂಪನಿಗಳ ಭದ್ರತಾ ಸಾಫ್ಟ್‌ವೇರ್, ಮೇಲ್ ಒಳಗೆ ಬಿಡುವ ಮೊದಲು ಅದರಲ್ಲಿರುವ ಲಿಂಕ್‌ಗಳನ್ನು ತಾನೇ ತೆರೆದು ಪರೀಕ್ಷೆ ಮಾಡುತ್ತದೆ. ಅದನ್ನು ಗುರುತಿಸುವುದು ಸುಲಭ. ಮೇಲ್ ತಲುಪಿದ ಕೆಲವೇ ಸೆಕೆಂಡುಗಳಲ್ಲಿ, ಒಂದೇ ಕಂಪನಿಯ ನಾಲ್ಕೈದು ವಿಳಾಸಗಳಿಂದ, ಕೆಳಗಿನ ಫೇಸ್‌ಬುಕ್ ಗುರುತನ್ನೂ ಬಿಡದೆ ಎಲ್ಲ ಲಿಂಕ್ ಒತ್ತಿರುತ್ತದೆ. ಶರಬತ್ತು ಬೇಕಾದವರು ಹಾಗೆ ಒತ್ತುವುದಿಲ್ಲ. ಅಂಥವು 18 ಸಿಕ್ಕಿದವು ಅಂತ ಇಟ್ಟುಕೊಳ್ಳಿ. ಉಳಿದದ್ದು 29, ಅಂದರೆ ತಲುಪಿದವರಲ್ಲಿ ಸುಮಾರು 2.5%. ಕೆಲವು ಮೇಲ್ ಸೇವೆಗಳು ಇವನ್ನು ಮೊದಲೇ ಸೋಸಿ ಕೊಡುತ್ತವೆ. ನಿಮ್ಮದು ಸೋಸುತ್ತದಾ ಅಂತ ಒಮ್ಮೆ ನೋಡಿಕೊಳ್ಳಿ. ಸೋಸುವುದಾದರೆ ನೀವು ಮತ್ತೆ ಕಳೆಯಬೇಡಿ, ಎರಡು ಸಲ ಕಳೆದಂತಾಗುತ್ತದೆ.

ಟಿಪ್ಪಣಿ ಹೀಗಿರಲಿ:

“ಈ ವಾರದ ಮೇಲ್ 1,176 ಜನರಿಗೆ ತಲುಪಿತು. 29 ಜನ ಅಂಗಡಿಯ ಪುಟಕ್ಕೆ ಬಂದರು. ಅದರಲ್ಲಿ 22 ಜನ ಪುನರ್ಪುಳಿ ಒತ್ತಿದರು, 7 ಜನ ಹಪ್ಪಳ. ಪುನರ್ಪುಳಿ ಮೇಲ್‌ನ ಕೆಳಭಾಗದಲ್ಲಿದ್ದರೂ ಹೆಚ್ಚು ಜನ ಹುಡುಕಿ ಒತ್ತಿದ್ದಾರೆ, ಮುಂದಿನ ಸಲ ಮೇಲೆ ಹಾಕೋಣ. 6 ಜನ ಇನ್ನು ಮೇಲ್ ಬೇಡ ಅಂದಿದ್ದಾರೆ. ಓಪನ್ ಎಂದಿನಷ್ಟೇ ಇದೆ.”

ಮಾಲೀಕರಿಗೆ ಬೇಕಾದದ್ದು ಇಷ್ಟೇ. ಪುನರ್ಪುಳಿ ಎಲ್ಲಿತ್ತು ಅಂತ ಬರೆದದ್ದು ಸುಮ್ನೆ ಅಲ್ಲ. ಮೇಲಿರುವ ಲಿಂಕ್‌ಗೆ ಸಾಮಾನ್ಯವಾಗಿ ಕ್ಲಿಕ್ ಜಾಸ್ತಿ. ಕೆಳಗಿದ್ದೂ ಗೆದ್ದರೆ ಅದರಲ್ಲಿ ಅರ್ಥ ಇದೆ. ಇನ್ನೊಂದು ವಿಷಯ, ಶನಿವಾರ ಸಂಜೆ ಕಳಿಸಿದ ಮೇಲ್‌ನ ಲೆಕ್ಕವನ್ನು ಸೋಮವಾರ ಬೆಳಿಗ್ಗೆ ಮುಗಿಸಬೇಡಿ. ಪ್ರತಿ ಮೇಲ್‌ಗೂ ಕಳಿಸಿದ ಮೂರು ದಿನಕ್ಕೆ ಅಂತ ಒಂದೇ ಅಳತೆ ಇರಲಿ. ಆಗಲೇ ವಾರ ವಾರ ಹೋಲಿಸಲಿಕ್ಕೆ ಆಗುವುದು.

ಬಿಟ್ಟುಹೋದ 6 ಜನರನ್ನು ಮುಚ್ಚಿಡಬೇಡಿ. 200ಕ್ಕೆ ಒಬ್ಬರ ಲೆಕ್ಕ, ಹೆದರುವಂಥದ್ದಲ್ಲ. ಬೇಡದವರು ಬಿಟ್ಟುಹೋಗುವ ಲಿಂಕ್ ಒತ್ತಿದರೆ ಒಳ್ಳೆಯದೇ. ಅದು ಸಿಗದೆ ‘ಸ್ಪ್ಯಾಮ್’ ಅಂತ ಒತ್ತಿದರೆ ಮಾತ್ರ ತೊಂದರೆ, ಯಾಕೆಂದರೆ ಅಂಥ ದೂರು ಹೆಚ್ಚಾದರೆ ಉಳಿದವರಿಗೆ ಕಳಿಸಿದ್ದೂ ಸ್ಪ್ಯಾಮ್‌ಗೆ ಬೀಳುತ್ತದೆ. ದೂರು 0.3% ಮುಟ್ಟಬಾರದು ಅಂತ ಗೂಗಲ್ 2024ರ ಫೆಬ್ರವರಿಯಿಂದ ಜಾರಿಗೆ ತಂದ ನಿಯಮದಲ್ಲೇ ಹೇಳಿದೆ.

ಆ ಲಿಂಕ್ ಯಾಕೆ ಸಿಗುವುದಿಲ್ಲ? ನೀವು ಇದನ್ನು ಕೇಳಲಿಲ್ಲ. ಆದರೆ ಕಾಸರಗೋಡಿನವರಿಗೆ ಇದು ಹೇಳಲೇಬೇಕು. ಮೇಲ್ 102 ಕೆಬಿ ದಾಟಿದರೆ ಜಿಮೇಲ್ ಅದನ್ನು ಅಲ್ಲಿಗೇ ಕತ್ತರಿಸಿ ತೋರಿಸುತ್ತದೆ. ಚಿತ್ರಗಳ ಗಾತ್ರ ಇದರಲ್ಲಿ ಸೇರುವುದಿಲ್ಲ. ಅಕ್ಷರ ಮತ್ತು ಹಿಂದಿನ ಕೋಡ್ ಸೇರುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಅಕ್ಷರಕ್ಕೆ ಮೂರು, ಅದರ ಕೊಂಬು ಇಳಿಗೆ ಮತ್ತೆ ಮೂರು. ‘ಕಾಸರಗೋಡು’ ಅಂತ ಬರೆದರೆ 24 ಬೈಟ್. ಮಲಯಾಳಕ್ಕೂ ಇದೇ ಲೆಕ್ಕ. ನಮ್ಮಲ್ಲಿ ಒಂದೇ ಮೇಲ್‌ನಲ್ಲಿ ಮೇಲೆ ಕನ್ನಡ, ಕೆಳಗೆ ಮಲಯಾಳ ಹಾಕುವವರು ಜಾಸ್ತಿ. ರೆಡಿಮೇಡ್ ಟೆಂಪ್ಲೇಟ್‌ನ ಕೋಡೇ ಮುಕ್ಕಾಲು ಜಾಗ ತಿಂದಿದ್ದರೆ, ಎರಡು ಭಾಷೆ ಸೇರಿ ಗಡಿ ದಾಟುವುದು ಕಷ್ಟವೇನಲ್ಲ. ಆಗ ಕತ್ತರಿಸಿ ಹೋಗುವುದು ಕೊನೆಯ ಭಾಗ. ಬಿಟ್ಟುಹೋಗುವ ಲಿಂಕ್ ಇರುವುದು ಅಲ್ಲೇ. ಎಷ್ಟೋ ಸೇವೆಗಳು ಓಪನ್ ಎಣಿಸುವ ಆ ಸಣ್ಣ ಚಿತ್ರವನ್ನು ಇಡುವುದೂ ಅಲ್ಲೇ.

ಪರೀಕ್ಷೆ ಸುಲಭ. ಎಲ್ಲರಿಗೂ ಕಳಿಸುವ ಮೊದಲು ನಿಮ್ಮದೇ ಜಿಮೇಲ್‌ಗೆ ಒಂದು ಕಳಿಸಿ, ಕೆಳತನಕ ಹೋಗಿ. ಅಲ್ಲಿ `[Message clipped]` ಅಂತ ಕಂಡರೆ ಪಟ್ಟಿಯನ್ನೇ ಎರಡು ಮಾಡಿ, ಕನ್ನಡದವರಿಗೆ ಕನ್ನಡದ ಮೇಲ್, ಮಲಯಾಳದವರಿಗೆ ಮಲಯಾಳದ್ದು ಕಳಿಸಿ. ಪಟ್ಟಿ ಒಡೆದ ದಿನಾಂಕವನ್ನು ಆ ವಾರದ ಟಿಪ್ಪಣಿಯಲ್ಲಿ ಬರೆದಿಡಿ. ಅಲ್ಲಿಂದ ಮುಂದೆ ಓಪನ್ ಏರಿದಂತೆ ಕಂಡರೆ ಕಾರಣ ಏನು ಅಂತ ಮಾಲೀಕರು ಕೇಳಿಯೇ ಕೇಳುತ್ತಾರೆ.