ಆ ಗೆರೆ ಹುಟ್ಟಿದ್ದೆಲ್ಲಿ? ಅಕ್ಕಪಕ್ಕದ ಟ್ರಾನ್ಸ್‌ಮಿಟರ್‌ಗಳ ಜಗಳ ಬಿಡಿಸುವುದು

ಒಂದೇ ಗೋಪುರದಲ್ಲಿ ಎರಡು ವಿಎಚ್‌ಎಫ್ ಟ್ರಾನ್ಸ್‌ಮಿಟರ್‌ಗಳಿವೆ ಎಂದುಕೊಳ್ಳಿ. ‘ಅ’ 151.200 ಮೆಗಾಹರ್ಟ್ಸ್‌ನಲ್ಲಿ, ‘ಬ’ 152.000ರಲ್ಲಿ. ಅಲ್ಲೇ ಇರುವ ಮೂರನೆಯ ರಿಸೀವರ್ 150.400ರಲ್ಲಿ ಕೇಳುತ್ತಿದೆ. ಆಗಾಗ ಅದರಲ್ಲಿ ಯಾರದೋ ಮಾತು ಒಡಕಾಗಿ ಬರುತ್ತದೆ. 150.400ರಲ್ಲಿ ಯಾರೂ ಮಾತಾಡುತ್ತಿಲ್ಲ. ಹಾಗಾದರೆ ಅದು ಎಲ್ಲಿಂದ ಬಂತು?

ಮೊದಲು ಕಾಗದದ ಮೇಲೆ ಒಂದು ಲೆಕ್ಕ:

```
2 × 151.200 − 152.000 = 150.400
2 × 152.000 − 151.200 = 152.800
```

ಮೊದಲ ಉತ್ತರ ನಮ್ಮ ರಿಸೀವರಿನ ತಲೆಯ ಮೇಲೇ ಕೂತಿದೆ. ಇದು ಮೂರನೇ ದರ್ಜೆಯ ಇಂಟರ್‌ಮಾಡ್ಯುಲೇಶನ್. ಎರಡು ಸಿಗ್ನಲ್‌ಗಳು ರೇಖೀಯವಲ್ಲದ, ಅಂದರೆ ಒಳಬಂದದ್ದನ್ನು ಅದೇ ಅನುಪಾತದಲ್ಲಿ ಹೊರಕೊಡದ, ಯಾವುದೋ ಸಾಧನದಲ್ಲಿ ಬೆರೆತಾಗ ಹೀಗೆ ಹೊಸ ಸಿಗ್ನಲ್ ಹುಟ್ಟುತ್ತದೆ. ಆದರೆ ಲೆಕ್ಕ ಹೇಳುವುದು ಯಾರು ಬೆರೆತರು ಅಂತ ಮಾತ್ರ. ಎಲ್ಲಿ ಬೆರೆತರು ಅನ್ನುವುದನ್ನು ಅಳೆದೇ ತಿಳಿಯಬೇಕು.

ನಾನು ಮೊದಲ ಸಲ ಎಡವಿದ್ದು ಇಲ್ಲೇ. ‘ಬ’ ಆಫ್ ಮಾಡಿದೆ, ಒಡಕು ಮಾತು ನಿಂತಿತು. ‘ಬ’ಯೇ ತಪ್ಪಿತಸ್ಥ ಅಂತ ಬರೆದುಕೊಂಡೆ. ‘ಅ’ ಆಫ್ ಮಾಡಿದ್ದರೂ ಅದು ನಿಲ್ಲುತ್ತಿತ್ತು, ಅಲ್ವಾ? ಬೆರೆಯಲು ಇಬ್ಬರೂ ಬೇಕು. ಆಫ್ ಮಾಡಿ ನೋಡಿದರೆ ಪಾಲುದಾರರು ಸಿಗುತ್ತಾರೆ, ಹುಟ್ಟಿದ ಜಾಗ ಸಿಗುವುದಿಲ್ಲ.

ಈಗ ಸ್ಪೆಕ್ಟ್ರಮ್ ಅನಲೈಸರ್, ಅಂದರೆ ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸಿಗ್ನಲ್ ಇದೆ ಎಂದು ಗೆರೆಗಳಾಗಿ ತೋರಿಸುವ ಉಪಕರಣ. ನಡುವಿನ ಫ್ರೀಕ್ವೆನ್ಸಿ 151.600, ಸ್ಪ್ಯಾನ್ 5 ಮೆಗಾಹರ್ಟ್ಸ್, ಆರ್‌ಬಿಡಬ್ಲ್ಯು, ಅಂದರೆ ಅನಲೈಸರ್ ಒಮ್ಮೆಗೆ ನೋಡುವ ಕಿಂಡಿಯ ಅಗಲ, 10 ಕಿಲೋಹರ್ಟ್ಸ್ ಇಡಿ. ಇಬ್ಬರೂ ಬಿಟ್ಟುಬಿಟ್ಟು ಮಾತಾಡುವುದರಿಂದ ಕಂಡ ಅತಿ ಎತ್ತರವನ್ನು ಹಿಡಿದಿಡುವ ಮ್ಯಾಕ್ಸ್ ಹೋಲ್ಡ್ ಹಾಕಿ ಸ್ವಲ್ಪ ಹೊತ್ತು ಕಾಯಿರಿ. ನಡುವೆ ಎರಡು ಎತ್ತರದ ಗೆರೆ, ಆಚೀಚೆ ಎರಡು ಗಿಡ್ಡ ಗೆರೆ ಕಾಣುತ್ತವೆ.

ಸಿಕ್ಕಿತು ಎಂದು ಖುಷಿಪಡುವ ಮೊದಲು ಅನಲೈಸರನ್ನೇ ಅನುಮಾನಿಸಿ. ಇಷ್ಟು ಹತ್ತಿರದಲ್ಲಿ ಎರಡು ದೊಡ್ಡ ಸಿಗ್ನಲ್ ಒಳನುಗ್ಗಿದರೆ ಅದರ ಒಳಗಿನ ಮಿಕ್ಸರೇ ಈ ಗಿಡ್ಡ ಗೆರೆಗಳನ್ನು ಹುಟ್ಟಿಸಬಹುದು. ಪರೀಕ್ಷೆ ಸುಲಭ. ಇನ್‌ಪುಟ್ ಅಟೆನ್ಯುಯೇಟರನ್ನು 10 ಡಿಬಿ ಹೆಚ್ಚಿಸಿ. ಆ ಕಡಿತವನ್ನು ಅನಲೈಸರ್ ತಾನೇ ಸರಿದೂಗಿಸಿ ತೋರಿಸುತ್ತದೆ, ಹಾಗಾಗಿ ನಿಜವಾದ ಗೆರೆ ಇದ್ದಲ್ಲೇ ಇರುತ್ತದೆ. ಒಳಗೆ ಹುಟ್ಟಿದ್ದಾದರೆ ಸುಮಾರು 20 ಡಿಬಿ ಕುಸಿಯುತ್ತದೆ. ತಳದಲ್ಲಿ ಸದಾ ಇರುವ ಗದ್ದಲದ ಮಟ್ಟ, ಅಂದರೆ ನಾಯ್ಸ್ ಫ್ಲೋರ್, ಮಾತ್ರ 10 ಡಿಬಿ ಮೇಲೇರುತ್ತದೆ. ಗೆರೆ ಅದರಲ್ಲಿ ಮುಳುಗಿಹೋದರೆ ಆರ್‌ಬಿಡಬ್ಲ್ಯು ಕಡಿಮೆ ಮಾಡಿ. ಹತ್ತನೇ ಒಂದು ಭಾಗಕ್ಕೆ ಇಳಿಸಿದರೆ ಫ್ಲೋರ್ ಮತ್ತೆ 10 ಡಿಬಿ ಕೆಳಗಿಳಿಯುತ್ತದೆ, ಸ್ವೀಪ್ ನಿಧಾನವಾಗುತ್ತದೆ ಅಷ್ಟೇ.

ಮುಂದೆ ರಿಸೀವರಿನ ಸರದಿ. 150.400ಕ್ಕೆ ಟ್ಯೂನ್ ಮಾಡಿದ ಕ್ಯಾವಿಟಿ ಫಿಲ್ಟರನ್ನು ಅನಲೈಸರಿನ ಮುಂದೆ ಹಾಕಿ, ರಿಸೀವರಿನ ಆಂಟೆನಾದಿಂದ ನೋಡಿ. ಈಗ ದೊಡ್ಡ ಗೆರೆಗಳು ತಗ್ಗುತ್ತವೆ. ಗಿಡ್ಡದು ಹಾಗೇ ಉಳಿದರೆ ಅದು ಗಾಳಿಯಲ್ಲೇ ಬರುತ್ತಿದೆ. ಅನಲೈಸರಿನಲ್ಲಿ ಏನೂ ಇಲ್ಲ, ರಿಸೀವರಿನಲ್ಲಿ ಮಾತ್ರ ಕೇಳುತ್ತಿದೆ ಅಂದರೆ ಬೆರಕೆ ರಿಸೀವರಿನ ಒಳಗೇ ಆಗುತ್ತಿದೆ. ಆಗ ಫಿಲ್ಟರ್ ಬೇಕಾದದ್ದು ಅದಕ್ಕೆ. ಟ್ರಾನ್ಸ್‌ಮಿಟರ್ ಬಿಚ್ಚಿ ಏನೂ ಸಿಗುವುದಿಲ್ಲ.

ನಮ್ಮ ಉದಾಹರಣೆಯಲ್ಲಿ ಗೆರೆ −70 ಡಿಬಿಎಂನಲ್ಲಿ ಗಟ್ಟಿಯಾಗಿ ನಿಂತಿತು ಅನ್ನೋಣ. ಅಂದರೆ ಗಾಳಿಯಲ್ಲಿದೆ. ಈಗ ಅಸಲಿ ಪ್ರಶ್ನೆ: ಎರಡರಲ್ಲಿ ಯಾವುದು?

‘ಬ’ಯ ಸಿಗ್ನಲ್ ‘ಅ’ದ ಆಂಟೆನಾಗೆ ಬಿದ್ದು, ಕೇಬಲ್ಲಿನಲ್ಲಿ ಕೆಳಗಿಳಿದು, ‘ಅ’ದ ಪವರ್ ಆಂಪ್ಲಿಫೈಯರ್ ತಲುಪುತ್ತದೆ. ಅಲ್ಲಿ ‘ಅ’ ಬಲಶಾಲಿ, ‘ಬ’ ಬಡಕಲು. 150.400ರ ಲೆಕ್ಕದಲ್ಲಿ ‘ಬ’ ಒಂದೇ ಸಲ ಬರುತ್ತದೆ, 152.800ರಲ್ಲಿ ಎರಡು ಸಲ. ಬಡಕಲು ಸಿಗ್ನಲ್ ಎರಡು ಸಲ ಬರುವ ಗೆರೆ ತೀರಾ ಗಿಡ್ಡವಾಗುತ್ತದೆ. ಆದ್ದರಿಂದ ಪ್ರತಿ ಟ್ರಾನ್ಸ್‌ಮಿಟರಿನ ಔಟ್‌ಪುಟ್‌ನಲ್ಲಿ, ಒಂದು ದಿಕ್ಕಿನ ಸಿಗ್ನಲಿನ ಚಿಕ್ಕ ಪಾಲನ್ನಷ್ಟೇ ಹೊರತೆಗೆಯುವ ಡೈರೆಕ್ಷನಲ್ ಕಪ್ಲರ್ ಹಾಕಿ, ಹೊರಹೋಗುವ ದಿಕ್ಕಿನಲ್ಲಿ ಅಳೆಯಿರಿ. ‘ಅ’ದ ಔಟ್‌ಪುಟ್‌ನಲ್ಲಿ 150.400 ಎತ್ತರವಾಗಿ, 152.800 ಅದಕ್ಕಿಂತ ಬಹಳ ಕೆಳಗಿದ್ದರೆ ಬೆರಕೆ ‘ಅ’ದಲ್ಲೇ. ಎರಡು ಸಲ ಬರುವ ಫ್ರೀಕ್ವೆನ್ಸಿ ಯಾರದೋ, ಮೊದಲ ಅನುಮಾನ ಅವರ ಮೇಲೆ. ಸುಮ್ನೆ ನೇರವಾಗಿ ಅನಲೈಸರ್ ಜೋಡಿಸಬೇಡಿ. 50 ವ್ಯಾಟ್ ಅಂದರೆ 47 ಡಿಬಿಎಂ, ಇನ್‌ಪುಟ್ ಸುಟ್ಟುಹೋಗುತ್ತದೆ. 30 ಡಿಬಿ ಕಪ್ಲರಿನ ನಂತರವೂ 17 ಡಿಬಿಎಂ ಉಳಿಯುತ್ತದೆ, ಇನ್ನೊಂದು 20 ಡಿಬಿ ಅಟೆನ್ಯುಯೇಟರ್ ಬೇಕು.

ಎರಡೂ ಔಟ್‌ಪುಟ್ ಸ್ವಚ್ಛವಾಗಿದ್ದು, ಗಾಳಿಯಲ್ಲಿ ಎರಡೂ ಗಿಡ್ಡ ಗೆರೆಗಳು ಹೆಚ್ಚುಕಡಿಮೆ ಸಮ ಇದ್ದರೆ ಗೋಪುರದ ಕಡೆ ಕಣ್ಣು ಹಾಯಿಸಿ. ತುಕ್ಕು ಹಿಡಿದ ಬೋಲ್ಟ್, ಸಡಿಲ ಕನೆಕ್ಟರ್ ಕೂಡ ಡಯೋಡಿನಂತೆ ವರ್ತಿಸುತ್ತವೆ. ಗಾಳಿ ಬೀಸಿದಾಗ, ಮಳೆ ಬಂದಾಗ ಗೆರೆಯ ಎತ್ತರ ಕುಣಿದಾಡುವುದು ಇದರ ಗುರುತು. ಹುಡುಕಲು ಇದೇ ಜಾಸ್ತಿ ತಲೆನೋವು.

‘ಅ’ದಲ್ಲೇ ಹುಟ್ಟಿದ್ದು ಎಂದು ಖಾತ್ರಿಯಾದರೆ ಅದರ ಔಟ್‌ಪುಟ್‌ಗೆ ಐಸೊಲೇಟರ್ ಹಾಕುತ್ತಾರೆ. ‘ಅ’ ಹೊರಹೋಗಲು ಅಡ್ಡಿಯಿಲ್ಲ, ಒಳಬರುವ ‘ಬ’ ಡಮ್ಮಿ ಲೋಡಿಗೆ ಹೋಗಿ ಬಿಸಿಯಾಗಿ ಮುಗಿಯುತ್ತದೆ. 25 ಡಿಬಿ ತಡೆಯುವ ಐಸೊಲೇಟರ್ ಹಾಕಿದರೆ −70 ಇದ್ದ ಗೆರೆ ಸುಮಾರು −95ಕ್ಕೆ ಇಳಿಯಬೇಕು, ಯಾಕೆಂದರೆ ‘ಬ’ ಒಂದೇ ಸಲ ಲೆಕ್ಕಕ್ಕೆ ಬರುತ್ತದೆ. −95 ಕೂಡ ಒಳ್ಳೆಯ ರಿಸೀವರಿಗೆ ಚೆನ್ನಾಗಿ ಕೇಳುತ್ತದೆ, ಆದ್ದರಿಂದ ಎರಡು ಹಂತದ್ದು ಬೇಕಾಗಬಹುದು. ಐಸೊಲೇಟರಿನ ಫೆರೈಟ್ ತಾನೇ ಹಾರ್ಮೋನಿಕ್ ಹುಟ್ಟಿಸುವುದರಿಂದ ಅದರ ನಂತರ, ಆಂಟೆನಾ ಕಡೆಗೆ, ಲೋ ಪಾಸ್ ಫಿಲ್ಟರ್ ಇರಲೇಬೇಕು. ಇಳಿಕೆ 25ರ ಬದಲು ಬರೀ 4 ಅಥವಾ 5 ಡಿಬಿ ಬಂದರೆ ಇನ್ನೊಂದು ಜಾಗದಲ್ಲೂ ಬೆರಕೆ ನಡೆಯುತ್ತಿದೆ ಎಂದರ್ಥ. ಕಪ್ಲರನ್ನು ‘ಬ’ ಕಡೆಗೆ ಒಯ್ಯಿರಿ.